ಬೇಗ ಬರುವ ಉತ್ತರ, ತಡವಾಗಿ ಬರುವ ಕರೆಂಟು

ಮಳೆ ಸುರಿದ ರಾತ್ರಿ ಯಲಹಂಕದಲ್ಲೋ ಆರ್‌.ಟಿ. ನಗರದಲ್ಲೋ ಕರೆಂಟು ಹೋದರೆ ಈಗ ಅನೇಕರು ಮೊದಲು ತೆರೆಯುವುದು ಎಕ್ಸ್. ಬೆಸ್ಕಾಂನ 1912 ಸಹಾಯವಾಣಿ ಅಂಥ ಹೊತ್ತಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. @NammaBESCOM ಖಾತೆಗೆ ಎರಡು ಸಾಲು ಬರೆದರೆ ಯಾರಾದರೂ ನೋಡಿಯಾರು ಎಂಬ ಭರವಸೆ ಜನರಿಗಿದೆ. ಎಂಟು ಜಿಲ್ಲೆಗಳಿಗೆ ವಿದ್ಯುತ್ ಕೊಡುವ ಸಂಸ್ಥೆಯೊಂದು ಹೀಗೆ ಬಹಿರಂಗವಾಗಿ ದೂರು ಕೇಳಿಸಿಕೊಳ್ಳುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಈ ಪದ್ಧತಿಯಲ್ಲಿ ಯಾವುದನ್ನು ಅಳೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಇನ್ನೂ ಸರಿಹೋಗಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಯಲಹಂಕ ಉಪನಗರದ ಒಂದು ಬೀದಿಯಲ್ಲಿ ರಾತ್ರಿ 8ಕ್ಕೆ ಕರೆಂಟು ಹೋಯಿತು. 8.10ಕ್ಕೆ ಒಬ್ಬರು ಎಕ್ಸ್‌ನಲ್ಲಿ ಬರೆದರು. 8.16ಕ್ಕೆ ಉತ್ತರ ಬಂತು: ‘ನಿಮ್ಮ ಅಕೌಂಟ್ ಐಡಿ, ವಿಳಾಸ, ಫೋನ್ ನಂಬರ್ ಕಳುಹಿಸಿ.’ ಅವರು ಬಿಲ್ಲು ಹುಡುಕಿ ವಿವರ ಕಳುಹಿಸುವಷ್ಟರಲ್ಲಿ 8.40. ಅದನ್ನು ನೋಡಿ ದೂರು ದಾಖಲಿಸಿ ಡಾಕೆಟ್ ನಂಬರ್ ಕೊಟ್ಟಾಗ 9.05. ಲೈನ್‌ಮನ್ ಬಂದು ಫ್ಯೂಸ್ ಹಾಕಿದ್ದು 11.40ಕ್ಕೆ. ಉತ್ತರದ ವೇಗವನ್ನಷ್ಟೇ ನೋಡಿದರೆ ಇಲ್ಲಿ ಆರೇ ನಿಮಿಷ, ಭಲೇ ಎನ್ನಬಹುದು. ಆದರೆ ದೂರು ಬಂದದ್ದಕ್ಕೂ ಅದು ಸೇವಾ ಠಾಣೆಯ ಸಿಬ್ಬಂದಿಗೆ ತಲುಪಬಲ್ಲ ರೂಪ ಪಡೆದದ್ದಕ್ಕೂ ನಡುವೆ 55 ನಿಮಿಷ ಕಳೆದಿದೆ.

ಈ ಅಂತರಕ್ಕೆ ಕಾನೂನಿನ ತೂಕವೂ ಇದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಮಾನದಂಡದ ಪ್ರಕಾರ, ನಗರಗಳಲ್ಲಿ ಫ್ಯೂಸ್ ಹೋದ ದೂರನ್ನು 6 ಗಂಟೆಯೊಳಗೆ, ಟ್ರಾನ್ಸ್‌ಫಾರ್ಮರ್ ಕೆಟ್ಟರೆ 24 ಗಂಟೆಯೊಳಗೆ ಸರಿಪಡಿಸಬೇಕು. ಗಡುವು ಮೀರಿತೆಂದು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗುವವರ ಕೈಯಲ್ಲಿ ದೂರು ಕೊಟ್ಟ ಹೊತ್ತಿಗೆ ದಾಖಲೆ ಇರಬೇಕು. ಡಾಕೆಟ್ ನಂಬರಿನಷ್ಟು ಗಟ್ಟಿ ದಾಖಲೆ ಬೇರೆ ಇಲ್ಲ. ಹಾಗಾಗಿ ಮೊದಲ ಉತ್ತರಕ್ಕೆ ಗುರಿ ಇಡುವ ಬದಲು ಡಾಕೆಟ್ ನಂಬರಿಗೆ ಗುರಿ ಇಡಬೇಕು. ಬೀದಿಯ ಹೆಸರು ಗೊತ್ತಾದ ಕೂಡಲೇ ದೂರು ದಾಖಲಿಸಿ, ಮಿಕ್ಕ ವಿವರ ಆಮೇಲೆ ಕೇಳಿದರೂ ನಡೆಯುತ್ತದೆ. ಇಡೀ ಬೀದಿ ಕತ್ತಲಾದಾಗ ಒಬ್ಬರ ಅಕೌಂಟ್ ಐಡಿಗಾಗಿ ಕಾಯುವುದು ವ್ಯರ್ಥ.

ದೂರನ್ನು ಖಾಸಗಿ ಸಂದೇಶಕ್ಕೆ, ಅಂದರೆ ಡಿಎಂಗೆ, ಸಾಗಿಸುವ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಬಿಲ್ಲಿನ ತಕರಾರು, ಮೀಟರಿನ ತಕರಾರು ಒಂದು ಮನೆಯ ವಿಷಯ. ಅದು ಡಿಎಂನಲ್ಲೇ ನಡೆಯಬೇಕು. ಫೋನ್ ನಂಬರಂತೂ ಬಹಿರಂಗವಾಗಿ ಬರಲೇಬಾರದು. ‘ಇಂದು ರಾತ್ರಿ ನಿಮ್ಮ ಸಂಪರ್ಕ ಕಡಿತ, ಈ ನಂಬರಿಗೆ ಕರೆ ಮಾಡಿ’ ಎಂಬ ಸುಳ್ಳು ಸಂದೇಶಗಳಿಂದ ಬೆಂಗಳೂರಿನ ಎಷ್ಟೋ ಜನ ಹಣ ಕಳೆದುಕೊಂಡಿದ್ದಾರೆ. ಕರೆಂಟಿಲ್ಲವೆಂದು ಬರೆದು ಕೆಳಗೆ ಮೊಬೈಲ್ ನಂಬರ್ ಹಾಕಿದವರು ಅಂಥ ವಂಚಕರಿಗೆ ಸುಲಭದ ತುತ್ತು. ಆದ್ದರಿಂದ ನಂಬರ್ ಕೇಳುವ ಪ್ರತಿ ಉತ್ತರದಲ್ಲೂ ‘ಡಿಎಂನಲ್ಲಿ ಮಾತ್ರ’ ಎಂದು ಸ್ಪಷ್ಟವಾಗಿ ಬರೆಯಬೇಕು. ಯಾರಾದರೂ ಬಹಿರಂಗವಾಗಿ ಹಾಕಿಬಿಟ್ಟರೆ ಅಳಿಸಲು ತಕ್ಷಣ ಹೇಳಬೇಕು.

ಫೀಡರ್ ಕೆಟ್ಟು ಬಡಾವಣೆಯೇ ಕತ್ತಲಾದಾಗ ಇದೇ ಡಿಎಂ ತೊಡಕಾಗುತ್ತದೆ. ಇಪ್ಪತ್ತು ಮನೆಯವರು ಬರೆದರೆ ಇಪ್ಪತ್ತು ಡಿಎಂ, ಇಪ್ಪತ್ತು ಸಲ ಅದೇ ಸಮಜಾಯಿಷಿ. ಇಪ್ಪತ್ತೊಂದನೆಯವರಿಗೆ ಏನೂ ಗೊತ್ತಾಗುವುದಿಲ್ಲ. ‘ಇಂಥ ಫೀಡರಿನಲ್ಲಿ ದೋಷ, ಸಿಬ್ಬಂದಿ ಹೊರಟಿದ್ದಾರೆ, ಇಂಥ ಹೊತ್ತಿಗೆ ಸರಿಯಾಗಬಹುದು’ ಎಂಬ ಒಂದೇ ಬಹಿರಂಗ ಉತ್ತರ ಎಲ್ಲರಿಗೂ ಸಾಕು. ಹೆಬ್ಬಾಳ ಮೇಲ್ಸೇತುವೆಯ ಬಳಿ ನೀರು ನಿಂತರೆ ಸಂಚಾರ ಪೊಲೀಸರಿಗೆ ಫೋಟೊ ಮತ್ತು ಜಾಗದ ಹೆಸರು ಸಾಕಾಗುತ್ತದೆ. ದೂರು ಕೊಟ್ಟವರು ಯಾರೆಂದು ತಿಳಿಯಬೇಕಿಲ್ಲ, ಎಚ್ಚರಿಕೆ ಆ ದಾರಿಯಲ್ಲಿ ಬರುವವರಿಗೆಲ್ಲ ತಲುಪುತ್ತದೆ. ಬಡಾವಣೆಯ ಕತ್ತಲೂ ಅದೇ ಜಾತಿಯ ದೂರು.

ನನ್ನನ್ನು ಹೆಚ್ಚು ಕಾಡುವುದು ಡಿಎಂಗೆ ಹೋದ ದೂರುಗಳ ಕೊನೆ. ಹೊರಗಿನವರಿಗೆ ಕಾಣುವುದು ‘ಡಿಎಂ ಮಾಡಿ’ ಎಂಬ ಸಾಲು ಮಾತ್ರ. ಸಮಸ್ಯೆ ಬಗೆಹರಿಯಿತೋ ಇಲ್ಲವೋ ತಿಳಿಯುವುದಿಲ್ಲ. ಬಗೆಹರಿದ ಮೇಲೆ ಮೂಲ ದೂರಿನ ಕೆಳಗೆ ಡಾಕೆಟ್ ನಂಬರ್ ಮತ್ತು ಮುಗಿದ ಹೊತ್ತನ್ನು ಹಾಕಲು ಒಂದು ನಿಮಿಷವೂ ಬೇಡ. ಅದನ್ನು ಹಾಕದಿದ್ದರೆ, ಗದ್ದಲ ಅಡಗಿಸಲು ದೂರನ್ನು ಒಳಗೆಳೆದುಕೊಂಡರು ಎಂದು ಜನ ಅನುಮಾನಿಸಿದರೆ ತಪ್ಪಿಲ್ಲ.

ಈಗಿರುವಂತೆ ಈ ಪದ್ಧತಿ ದೂರು ಕೇಳಿಸಿಕೊಳ್ಳಲು ಒಳ್ಳೆಯದು, ದೂರು ಮುಗಿಸಲು ಸಾಲದು. ಅದು ಸುಧಾರಿಸುವವರೆಗೆ ಓದುಗರು ಎಕ್ಸ್‌ನಲ್ಲಿ ಬಡಾವಣೆ ಮತ್ತು ಬೀದಿಯ ಹೆಸರನ್ನಷ್ಟೇ ಬರೆಯಲಿ, ಡಿಎಂನಲ್ಲಿ ಡಾಕೆಟ್ ನಂಬರ್ ಕೇಳಿ ಪಡೆಯಲಿ, ಅದು ಬರದಿದ್ದರೆ 1912ಕ್ಕೇ ಮತ್ತೆ ಕರೆ ಮಾಡಲಿ.