ಹನ್ನೊಂದಕ್ಕೆ ಬಂದಾಗ ನಾಲಿಗೆ ಎಡವುತ್ತದೆ

ರೋಣ, ನರಗುಂದ, ಗಜೇಂದ್ರಗಡ ಎಂದು ಬಸ್ಸಿನಲ್ಲಿ ಓಡಾಡಿ ಸಂಗೀತ ಪಾಠ ಹೇಳುವ ಪರಿಚಯದ ಮಾಸ್ತರರೊಬ್ಬರು ಹೊಸ ಮಕ್ಕಳಿಗಾಗಿ ಒಂದು ಕ್ಯಾರೊಸೆಲ್ ಮಾಡಿದ್ದಾರೆ. ಮೊಬೈಲಿನಲ್ಲಿ ಬೆರಳಿಂದ ಸರಿಸುತ್ತ ಹೋದಂತೆ ಒಂದೊಂದೇ ಕಾರ್ಡು ಬರುತ್ತದೆ, ಕಾರ್ಡಿಗೊಂದು ತಾಳ. ವಾರಕ್ಕೊಮ್ಮೆ ಮಾತ್ರ ಊರಿಗೆ ಬರುವ ಮಾಸ್ತರರಿಗೆ ಉಳಿದ ಆರು ದಿನ ಮಕ್ಕಳು ಕೈ ಬಿಡದಿರಲಿ ಎಂಬ ಆಸೆ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಊರು ರೋಣ; ಅಲ್ಲಿ ಈಗ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಮೊಬೈಲು ನೋಡುತ್ತ ತೊಡೆಯ ಮೇಲೆ ತೀನತಾಲ ಹಾಕುತ್ತಿದ್ದರೆ ನನಗೇನೂ ಬೇಸರವಿಲ್ಲ.

ಬೇಸರವಾದದ್ದು ತೀನತಾಲದ ಕಾರ್ಡು ನೋಡಿ. ನಾಲ್ಕು ಮನೆಗಳಲ್ಲಿ ಒಂದರಿಂದ ಹದಿನಾರರವರೆಗೆ ಅಂಕಿ ಬರೆದು, ಒಂದರ ಮೇಲೆ × ಗುರುತು, ಐದರ ಮೇಲೆ 2, ಒಂಬತ್ತರ ಮೇಲೆ 0, ಹದಿಮೂರರ ಮೇಲೆ 3. ಭಾತಖಂಡೆ ಪದ್ಧತಿಯ ಬರಹ, ತಪ್ಪೇನಿಲ್ಲ. × ಎಂದರೆ ಸಮ್, ಮೊದಲ ಚಪ್ಪಾಳೆ. 0 ಎಂದರೆ ಖಾಲಿ. ಅಲ್ಲಿ ಚಪ್ಪಾಳೆಯಿಲ್ಲ, ಅಂಗೈ ಮೇಲಾಗಿ ಕೈ ಹೊರಳಿಸಬೇಕು. ಆದರೆ ಹೊಸಬನಿಗೆ ಐದನೇ ಮಾತ್ರೆಯ ಮೇಲೆ 2 ಕಂಡರೆ ಅದು ಎರಡನೇ ಮಾತ್ರೆಯೋ ಎರಡನೇ ಚಪ್ಪಾಳೆಯೋ ತಿಳಿಯುವುದು ಹೇಗೆ? ಚಪ್ಪಾಳೆಯ ಅಂಕಿಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ ಎಂದೆ. ಬರೆದರು.

ನಿಜವಾದ ತೊಡಕು ಬೇರೆ ಇತ್ತು. ಗಜೇಂದ್ರಗಡದ ಹುಡುಗನೊಬ್ಬ ದೂರಿದ: "ಸರ, ಹದಿನಾರೂ ಎಣಸ್ತೀನ್ರೀ, ಆದ್ರೂ ಸಮ್ ತಪ್ಪತೈತಿ." ಎಣಿಸು ಎಂದರು. ನಿಧಾನ ಲಯದಲ್ಲಿ, ಅಂದರೆ ಸೆಕೆಂಡಿಗೊಂದು ಮಾತ್ರೆಯಂತೆ, ಸರಿಯಾಗಿಯೇ ಎಣಿಸಿದ. ವೇಗ ದುಪ್ಪಟ್ಟಾದಾಗ ಹತ್ತರ ತನಕ ಸಲೀಸು, ಆಮೇಲೆ ಎಳೆಯತೊಡಗಿದ. ಕಾರಣ ತಾಳದಲ್ಲಿಲ್ಲ, ಕನ್ನಡದಲ್ಲಿದೆ. ಒಂದು, ಮೂರು, ಐದು, ಎಂಟು ಎಲ್ಲವೂ ಎರಡಕ್ಷರದ ಮಾತು. ಹನ್ನೊಂದು ಮೂರಕ್ಷರ. ಹನ್ನೆರಡರಿಂದ ಹದಿನಾರರವರೆಗೆ ಎಲ್ಲವೂ ನಾಲ್ಕಕ್ಷರ. ಎರಡಕ್ಷರ ಹಿಡಿಯುವ ಜಾಗದಲ್ಲಿ ನಾಲ್ಕು ತುರುಕಲು ಹೋಗಿ ನಾಲಿಗೆ ತಡವರಿಸುತ್ತದೆ, ಅದಕ್ಕೆ ಕಾದುಕೊಂಡು ಕೈಯೂ ನಿಲ್ಲುತ್ತದೆ. ಕೊನೆಯ ಆರು ಮಾತ್ರೆ ಹಿಗ್ಗುತ್ತವೆ. ತಬಲಾ ಸಮ್‌ಗೆ ಬಂದಾಗ ಹುಡುಗ ಇನ್ನೂ ಹದಿನೈದರಲ್ಲಿ.

ಪರಿಹಾರ ಸುಲಭ: ಮನೆಮನೆಗೂ ಒಂದರಿಂದ ನಾಲ್ಕೇ ಎಣಿಸಿ. ಆದರೆ ಆಗ ಯಾವ ಮನೆಯಲ್ಲಿದ್ದೇವೆ ಎಂಬುದು ಮರೆಯುತ್ತದೆ. ಅದನ್ನು ನೆನಪಿಡುವ ಕೆಲಸ ಅಂಕಿಯದಲ್ಲ, ಠೇಕಾದ್ದು.

ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ

ಬಾಯಲ್ಲಿ ಹೇಳಿಕೊಳ್ಳಿ. 'ಧ' ಇರುವಲ್ಲಿ ಎಡಗೈಯ ಡಗ್ಗಾ ಗುಮ್ಮೆನ್ನುತ್ತದೆ, 'ತ' ಇರುವಲ್ಲಿ ಅದು ಸುಮ್ಮನಿರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ, ಅದು ಕಾರ್ಡಿನಲ್ಲಿರಲಿಲ್ಲ. ಕೈ ಖಾಲಿ ತೋರಿಸುವುದು ಒಂಬತ್ತರಲ್ಲಿ, ಆದರೆ ಒಂಬತ್ತನೇ ಬೋಲ್ ಇನ್ನೂ 'ಧಾ'. ಕಿವಿಗೆ ಖಾಲಿಯಾಗುವುದು ಹತ್ತರಲ್ಲಿ. ಡಗ್ಗಾ ಮರಳುವುದು ಹದಿಮೂರರ ಚಪ್ಪಾಳೆಗಲ್ಲ, ಹದಿನಾಲ್ಕರ 'ಧಿನ್'ಗೆ. ಅಂದರೆ ಕೈಗೂ ಕಿವಿಗೂ ಒಂದು ಮಾತ್ರೆಯ ಅಂತರ. ಇದನ್ನು ಹೇಳದೆ ಬಿಟ್ಟರೆ ಕಿವಿ ಚೆನ್ನಾಗಿರುವ ಹುಡುಗನೇ ಮೊದಲು ದಾರಿ ತಪ್ಪುತ್ತಾನೆ. ಡಗ್ಗಾ ನಿಂತಾಗ ಕೈ ಹೊರಳಿಸಿ ಒಂದು ಮಾತ್ರೆ ಹಿಂದೆ ಬೀಳುತ್ತಾನೆ. ಹೇಳಿಕೊಟ್ಟರೆ ಅದೇ ಗಂಟೆ ಬಾರಿಸಿದ ಹಾಗೆ: ಡಗ್ಗಾ ಮತ್ತೆ ಗುಮ್ಮೆಂದರೆ ಸಮ್‌ಗೆ ಇನ್ನು ಮೂರೇ ಮಾತ್ರೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಹಾಡುಗಾರರನ್ನಾಗಿ ಮಾಡಿದರು. ಆ ಮಕ್ಕಳಿಗೆ × ಗುರುತೂ ಇಲ್ಲ, ಬಣ್ಣವೂ ಇಲ್ಲ. ಮಾಸ್ತರರಿಗೆ ಇದನ್ನು ನೆನಪಿಸಿದೆ. ಮರುವಾರದ ಝಪತಾಲದ ಕಾರ್ಡಿನಲ್ಲಿ ಅಂಕಿ ಚಿಕ್ಕದಾಗಿತ್ತು, ಬೋಲ್ ದೊಡ್ಡದಾಗಿತ್ತು, ಜತೆಗೆ ಅವರದೇ ದನಿಯ ತುಣುಕು:

ಧಿ ನಾ | ಧಿ ಧಿ ನಾ | ತಿ ನಾ | ಧಿ ಧಿ ನಾ

ಹತ್ತು ಮಾತ್ರೆ, ಚಪ್ಪಾಳೆ ಒಂದು, ಮೂರು, ಎಂಟಕ್ಕೆ, ಖಾಲಿ ಆರಕ್ಕೆ. ಇಲ್ಲಿ ಹತ್ತು ದಾಟುವುದೇ ಇಲ್ಲವಾದ್ದರಿಂದ ನಾಲಿಗೆಯ ಕಾಟವಿಲ್ಲ. ಕೈ ಹೊರಳುವ ಮಾತ್ರೆಯೇ 'ತಿ', ಹಾಗಾಗಿ ಕೈಗೂ ಕಿವಿಗೂ ಜಗಳವಿಲ್ಲ. ಎಡವಟ್ಟು ಎರಡು-ಮೂರರ ಮನೆಗಳಲ್ಲಿ. ಹೊಸಬರು ಎರಡರ ಮನೆಯನ್ನು ಎಳೆದು, ಮೂರರ ಮನೆಯನ್ನು ಒತ್ತಿ, ಎಲ್ಲ ಚಪ್ಪಾಳೆಗಳೂ ಸಮದೂರದಲ್ಲಿ ಬೀಳುವಂತೆ ಮಾಡಿಬಿಡುತ್ತಾರೆ. ಕೇಳಲು ಹಿತವಾಗಿಯೇ ಇರುತ್ತದೆ, ಆದರೆ ಝಪತಾಲ ಅಲ್ಲಿರುವುದಿಲ್ಲ. ಪತ್ತೆ ಹಚ್ಚುವುದು ಹೀಗೆ: ಬೋಲ್ ನಿಲ್ಲಿಸಿ ಬರೀ ಕೈ ಹಾಕಿಸಿ. ಕುಂಟುತ್ತ ಬಂದರೆ ಸರಿ, ನೆಟ್ಟಗೆ ನಡೆದರೆ ತಪ್ಪು.

ಏಳು ಮಾತ್ರೆಯ ರೂಪಕದಲ್ಲಿ ಸಮ್ಮೇ ಖಾಲಿ. × ಕಂಡರೆ ಚಪ್ಪಾಳೆ ಎಂದು ಮೊದಲ ಕಾರ್ಡಿನಲ್ಲೇ ಬರೆದಾಗಿದೆ. ರೂಪಕದ ಕಾರ್ಡು ಮಾಸ್ತರರು ಇನ್ನೂ ಕಳಿಸಿಲ್ಲ.