ಸಾಫ್ಟ್‌ನರ್ ಸರಿಯಿದೆ, ಪೈಪು ಸರಿಯಿಲ್ಲ

ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯ ಸ್ವಾಮಿಯ ಗುಡ್ಡವನ್ನು ನೋಡಿದವರಿಗೆ ಇಲ್ಲಿನ ನೆಲದಡಿ ಏನಿದೆ ಎಂದು ಹೇಳಬೇಕಿಲ್ಲ. ಬೋರ್‌ವೆಲ್ ನೀರು ಇಂಥದೇ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಗೀಸರ್ ಕಾಯಿಲಿಗೆ ಪದರ ಕಟ್ಟುತ್ತದೆ, ಶವರ್ ತೂತು ಮುಚ್ಚಿಕೊಳ್ಳುತ್ತದೆ, ಸೋಪು ನೊರೆ ಬಿಡುವುದಿಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ 600ರವರೆಗೆ ಒಪ್ಪಬಹುದು. ಆದ್ದರಿಂದ ಮನೆಗಳು ಸಾಫ್ಟ್‌ನರ್ ಕೊಳ್ಳುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಅದನ್ನು ಕೂರಿಸುವ ರೀತಿಯ ಮೇಲೆ. ಯಂತ್ರದ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ, ಅದರ ಸುತ್ತ ಹೋಗುವ ಪೈಪನ್ನು ಮಾತ್ರ ಪ್ಲಂಬರಿನ ಅರ್ಧ ದಿನದ ಕೆಲಸಕ್ಕೆ ಬಿಟ್ಟುಬಿಡುತ್ತೇವೆ.

ಯಂತ್ರದೊಳಗೆ ನಡೆಯುವುದು ಸರಳ ಕೆಲಸ. ಉದ್ದನೆಯ ಸಿಲಿಂಡರಿನಲ್ಲಿ ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳ ಶಕ್ತಿ ಮುಗಿದಾಗ ಅವುಗಳ ಮೇಲೆ ಉಪ್ಪುನೀರು ಹಾಯಿಸಿ ಮತ್ತೆ ಸೋಡಿಯಂ ತುಂಬಬೇಕು. ಇದೇ ರೀಜನರೇಶನ್. ಮೊದಲು ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ಮಣಿಗಳನ್ನು ಸಡಿಲಿಸಿ ಕೆಸರು ತೊಳೆಯುವುದು, ಆಮೇಲೆ ಪಕ್ಕದ ತೊಟ್ಟಿಯಿಂದ ಉಪ್ಪುನೀರನ್ನು ನಿಧಾನವಾಗಿ ಎಳೆದುಕೊಳ್ಳುವುದು, ಕೊನೆಗೆ ಜೋರಾಗಿ ತೊಳೆದು ಉಪ್ಪಿನ ತೊಟ್ಟಿಗೆ ಮುಂದಿನ ಸಲದ ನೀರು ಬಿಡುವುದು. ಎಲ್ಲ ಸೇರಿ ಸುಮಾರು ಒಂದೂವರೆ ಗಂಟೆ.

ಈ ಒಂದೂವರೆ ಗಂಟೆಯುದ್ದಕ್ಕೂ ಪೈಪಿನಲ್ಲಿ ಒತ್ತಡ ಇರಬೇಕು. ನಮ್ಮ ಬಡಾವಣೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಉಪ್ಪುನೀರನ್ನು ಎಳೆಯುವುದು ಮೋಟಾರಲ್ಲ, ಸಣ್ಣ ತೂತಿನಲ್ಲಿ ರಭಸದಿಂದ ಹಾಯುವ ನೀರಿನ ಸೆಳೆತ. ಸ್ವಯಂಚಾಲಿತ ತಲೆಭಾಗಕ್ಕೆ ಸಾಮಾನ್ಯವಾಗಿ ಒಂದೂವರೆ–ಎರಡು ಬಾರ್ ಒತ್ತಡ ಬೇಕು. ತಾರಸಿಯ ಟ್ಯಾಂಕಿನಿಂದ ಮೂರು ಮೀಟರ್ ಕೆಳಗೆ ಯಂತ್ರ ಇಟ್ಟರೆ ಸಿಗುವುದು ಸುಮಾರು 0.3 ಬಾರ್. ಇನ್ನು ಕೆಲವರು ಮೋಟಾರಿನಿಂದ ಟ್ಯಾಂಕಿಗೆ ಏರುವ ಪೈಪಿನಲ್ಲೇ ಸಾಫ್ಟ್‌ನರ್ ಸಿಕ್ಕಿಸುತ್ತಾರೆ. ಮೋಟಾರು ಓಡುವಾಗ ಒತ್ತಡವೇನೋ ಇರುತ್ತದೆ. ಆದರೆ ಎಷ್ಟೋ ಯಂತ್ರಗಳ ಗಡಿಯಾರ ಬರುವಾಗಲೇ ರಾತ್ರಿ ಎರಡು ಗಂಟೆಗೆ ಹೊಂದಿಸಿಕೊಂಡು ಬಂದಿರುತ್ತದೆ. ಆ ಹೊತ್ತಿಗೆ ಮೋಟಾರು ನಿಂತಿರುತ್ತದೆ. ತಲೆಭಾಗ ತನ್ನ ಹಂತಗಳನ್ನೆಲ್ಲ ತಿರುಗಿಸಿ ಕೆಲಸ ಮುಗಿಯಿತೆಂದು ಲೆಕ್ಕ ಬರೆದುಕೊಳ್ಳುತ್ತದೆ, ಒಳಗೆ ಹನಿ ನೀರೂ ಹರಿದಿರುವುದಿಲ್ಲ. ಗುರುತು ಹಿಡಿಯುವುದು ಸುಲಭ: ಉಪ್ಪಿನ ತೊಟ್ಟಿಯ ಮಟ್ಟ ವಾರಗಟ್ಟಲೆ ಇಳಿಯುವುದೇ ಇಲ್ಲ. ಉಪ್ಪು ಖರ್ಚಾಗದಿದ್ದರೆ ಅದನ್ನು ಉಳಿತಾಯವೆಂದು ತಿಳಿಯಬಾರದು, ಯಂತ್ರ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಬೇಕು.

ನನ್ನ ಮಟ್ಟಿಗೆ ಇಲ್ಲಿನ ಮನೆಗಳಿಗೆ ಒಪ್ಪುವ ಜೋಡಣೆ ಹೀಗೆ: ಬೋರ್‌ವೆಲ್ ನೀರು ಹಾಗೆಯೇ ತಾರಸಿಯ ಟ್ಯಾಂಕಿಗೆ ಹೋಗಲಿ. ಅಲ್ಲಿಂದ ಒತ್ತಡ ಇಳಿದ ಕೂಡಲೇ ತಾನೇ ಓಡುವ ಪ್ರೆಶರ್ ಪಂಪು, ಪಂಪಿನ ಮುಂದೆ ಸಾಫ್ಟ್‌ನರ್, ಅದರಿಂದ ಬಚ್ಚಲು, ವಾಷಿಂಗ್ ಮಷೀನ್, ಪಾತ್ರೆ ತೊಳೆಯುವ ನಲ್ಲಿ. ಪಂಪು ಸಾಫ್ಟ್‌ನರಿನ ಹಿಂದಿರಬೇಕು, ಮುಂದಿಟ್ಟರೆ ನೀರನ್ನು ಹೀರುತ್ತದೆಯೇ ಹೊರತು ಯಂತ್ರಕ್ಕೆ ಒತ್ತಡ ಕೊಡುವುದಿಲ್ಲ. ಫ್ಲಶ್, ಅಂಗಳ, ಗಿಡಗಳ ಪೈಪು ಟ್ಯಾಂಕಿನಿಂದ ನೇರವಾಗಿ ಇಳಿಯಲಿ. ಹಳೆಯ ಮನೆಗಳಲ್ಲಿ ಫ್ಲಶ್ಶಿಗೂ ಶವರಿಗೂ ಒಂದೇ ಲೈನು ಇರುವುದರಿಂದ ಇದಿಷ್ಟೂ ಸಾಧ್ಯವಾಗದಿರಬಹುದು. ಗಿಡಗಳ ನಲ್ಲಿಯನ್ನಾದರೂ ಬೇರ್ಪಡಿಸಲೇಬೇಕು, ಏಕೆಂದರೆ ಸೋಡಿಯಂ ತುಂಬಿದ ನೀರು ಕುಂಡದ ಮಣ್ಣನ್ನು ಬಿಗಿಯಾಗಿಸುತ್ತದೆ.

ಈ ಬೇರ್ಪಡಿಕೆಯಿಂದ ಎಷ್ಟು ಉಳಿಯುತ್ತದೆ ಎಂದು ಒಂದು ಲೆಕ್ಕ ನೋಡೋಣ. ದಿನಕ್ಕೆ 1000 ಲೀಟರ್ ಬಳಸುವ ಮನೆ, ಗಡಸುತನ 500, ಯಂತ್ರದಲ್ಲಿ 25 ಲೀಟರ್ ರೆಸಿನ್. ಪ್ರತಿ ಲೀಟರ್ ರೆಸಿನ್ನಿಗೆ 120 ಗ್ರಾಂನಂತೆ ಒಂದು ಸಲಕ್ಕೆ ಮೂರು ಕಿಲೋ ಉಪ್ಪು ಕೊಟ್ಟರೆ, ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. ಒಟ್ಟು 1250 ಗ್ರಾಂ, ಅಂದರೆ 2500 ಲೀಟರ್ ನೀರು. ಇಡೀ ಮನೆಯ ನೀರನ್ನು ಹಾಯಿಸಿದರೆ ಎರಡೂವರೆ ದಿನಕ್ಕೊಮ್ಮೆ ರೀಜನರೇಶನ್, ವರ್ಷಕ್ಕೆ ಸುಮಾರು 440 ಕಿಲೋ ಉಪ್ಪು. ಫ್ಲಶ್ಶು, ಅಂಗಳ ಬಿಟ್ಟು 600 ಲೀಟರನ್ನಷ್ಟೇ ಮೆದುಗೊಳಿಸಿ, ಅದರಲ್ಲೂ ಐದರಲ್ಲೊಂದು ಪಾಲು ಗಡಸು ನೀರನ್ನೇ ಬೆರೆಸಿದರೆ ನಲ್ಲಿಯಲ್ಲಿ ಗಡಸುತನ 100 ಇರುತ್ತದೆ. ಗೀಸರಿಗೂ ಸೋಪಿಗೂ ಅಷ್ಟು ಸಾಕು. ಆಗ ರೀಜನರೇಶನ್ ಐದು ದಿನಕ್ಕೊಮ್ಮೆ, ಉಪ್ಪು ವರ್ಷಕ್ಕೆ ಸುಮಾರು 210 ಕಿಲೋ. ಅದೇ ಯಂತ್ರ, ಅರ್ಧಕ್ಕಿಂತ ಕಡಿಮೆ ಉಪ್ಪು.

ಈ ಬೆರಕೆ ಬೈಪಾಸಿನ ಕೆಲಸ. ಯಂತ್ರಕ್ಕೆ ಹೋಗುವಲ್ಲಿ ಒಂದು ವಾಲ್ವ್, ಬರುವಲ್ಲಿ ಒಂದು, ಇವೆರಡನ್ನೂ ಸೇರಿಸುವ ಅಡ್ಡಪೈಪಿನಲ್ಲಿ ಮೂರನೆಯದು. ರಿಪೇರಿಗೆ ಮೊದಲೆರಡನ್ನು ಮುಚ್ಚಿ ಮೂರನೆಯದನ್ನು ತೆರೆದರೆ ಮನೆಗೆ ನೀರು ನಿಲ್ಲುವುದಿಲ್ಲ, ದಿನನಿತ್ಯಕ್ಕೆ ಅದನ್ನು ಸ್ವಲ್ಪವೇ ತೆರೆದಿಟ್ಟರೆ ಬೆರಕೆಯಾಗುತ್ತದೆ. ಇದೇ ವಾಲ್ವ್ ತಿಳಿಯದಂತೆ ಸೋರಿದರೆ ಬೈಗುಳ ತಿನ್ನುವುದು ಯಂತ್ರ. ಅದಕ್ಕೇ ಯಂತ್ರದ ಬಾಯಿಗೂ ಅಡ್ಡಪೈಪು ಕೂಡುವ ಜಾಗಕ್ಕೂ ನಡುವೆ ಒಂದು ಸಣ್ಣ ನಲ್ಲಿ ಹಾಕಿಸಬೇಕು. ಅಲ್ಲಿ ನೀರು ಮೆದುವಾಗಿದ್ದು ಅಡುಗೆಮನೆಯಲ್ಲಿ ಗಡಸಾಗಿದ್ದರೆ ತಪ್ಪು ಬೈಪಾಸಿನದು. ಎರಡೂ ಕಡೆ ಗಡಸಾಗಿದ್ದರೆ ರೆಸಿನ್ನಿನದು ಅಥವಾ ರೀಜನರೇಶನ್ನಿನದು. ಪರೀಕ್ಷೆಗೆ ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ಬೇಕು. ಟಿಡಿಎಸ್ ಮೀಟರ್ ಇಲ್ಲಿ ಪ್ರಯೋಜನಕ್ಕೆ ಬಾರದು, ಏಕೆಂದರೆ ಒಂದು ಲವಣದ ಜಾಗಕ್ಕೆ ಇನ್ನೊಂದು ಬಂದಿರುತ್ತದೆ, ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನೇ ಅದ್ದಿ ತೋರಿಸಿ ಮಾರುವವರನ್ನು ನಂಬಬಾರದು.

500 ಗಡಸುತನವನ್ನು ಪೂರ್ತಿ ತೆಗೆದರೆ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರಿರುವ ಮನೆಯಲ್ಲಿ ಕುಡಿಯುವ, ಅಡುಗೆಯ ನೀರು ಕಾವೇರಿ ಲೈನಿನಿಂದಲೇ ಬರಲಿ.

ಇನ್ನು ಡ್ರೈನ್ ಪೈಪು. ಇದರಲ್ಲಿ ಆಗುವ ಅಸಡ್ಡೆಯನ್ನು ನಾನು ಕ್ಷಮಿಸಲಾರೆ. ತಾರಸಿಯಲ್ಲಿ ಕೂತ ಯಂತ್ರದ ಡ್ರೈನ್ ಹೋಸನ್ನು ಅಲ್ಲೇ ನೆಲಕ್ಕೆ ಬಿಟ್ಟುಬಿಡುತ್ತಾರೆ. ತಾರಸಿಯ ನೀರು ಎಲ್ಲಿಗೆ ಹೋಗುತ್ತದೆ? ಜಲಮಂಡಳಿಯ 2009ರ ಕಾನೂನು ತಿದ್ದುಪಡಿಯ ನಂತರ ಮಳೆನೀರು ಕೊಯ್ಲು ಮಾಡಿಸಿದ ಮನೆಯಲ್ಲಿ ಅದು ಮಳೆನೀರಿನ ಪೈಪಿನಲ್ಲಿ ಇಳಿದು ಸಂಪಿಗೋ, ಬೋರ್‌ವೆಲ್ ಪಕ್ಕದ ಇಂಗುಗುಂಡಿಗೋ ಸೇರುತ್ತದೆ. ಪ್ರತಿ ಸಲ ಮೂರು ಕಿಲೋ ಉಪ್ಪು, ಜೊತೆಗೆ ರೆಸಿನ್ ಬಿಟ್ಟುಕೊಟ್ಟ ಅಷ್ಟೂ ಕ್ಯಾಲ್ಸಿಯಂ, ಮೆಗ್ನೀಸಿಯಂ. ಯಾವ ಬೋರ್‌ವೆಲ್ ಕೆಟ್ಟಿತೆಂದು ಯಂತ್ರ ತಂದೆವೋ ಅದೇ ಬೋರ್‌ವೆಲ್ಲಿಗೆ ನಾವೇ ಉಪ್ಪು ಇಂಗಿಸಿದಂತಾಯಿತು. ಕ್ಲೋರೈಡನ್ನು ಮಣ್ಣು ಸೋಸುವುದಿಲ್ಲ.

ಆ ಪೈಪು ಮನೆಯ ಸ್ಯಾನಿಟರಿ ಲೈನಿಗೇ ಹೋಗಬೇಕು. ತುದಿಯನ್ನು ಚರಂಡಿ ಪೈಪಿನೊಳಗೆ ತುರುಕಬಾರದು, ಬಾಯಿಗಿಂತ ಎರಡಿಂಚು ಮೇಲೆ ಗಾಳಿಯಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಒತ್ತಡ ಬಿದ್ದಾಗ ಪೈಪು ಕೊಳಕು ನೀರನ್ನು ಹಿಂದಕ್ಕೆ ಸೆಳೆದೀತು. ಹಾಗೆ ಮಾಡಿದರೂ ಉಪ್ಪು ಮಾಯವಾಗುವುದಿಲ್ಲ ಎಂಬುದು ನಿಜ. ನಗರದ ಪಶ್ಚಿಮ ಭಾಗದ ಒಳಚರಂಡಿ ಹೆಚ್ಚಾಗಿ ವೃಷಭಾವತಿ ಕಣಿವೆಗೆ ಇಳಿಯುತ್ತದೆ, ಶುದ್ಧೀಕರಣ ಘಟಕಗಳು ಕೊಳೆ ತೆಗೆದರೂ ಕ್ಲೋರೈಡ್ ತೆಗೆಯುವುದಿಲ್ಲ, ಆ ನದಿಯ ನೀರು ಬೈರಮಂಗಲದ ಕೆರೆ ಸೇರಿ ಹೊಲಗಳಿಗೆ ಹೋಗುತ್ತದೆ. ಮೇಲಿನ ಲೆಕ್ಕದ 440 ಕಿಲೋಗೂ 210 ಕಿಲೋಗೂ ಇರುವ ಅಂತರ ಆ ಹೊಲಗಳ ಪಾಲಿಗೂ ಅಂತರವೇ.

ಕೆಲಸಗಾರನಿಗೆ ಕೊನೆಯ ಕಂತು ಕೊಡುವ ಮುನ್ನ ಎದುರಿಗೇ ಒಂದು ರೀಜನರೇಶನ್ ಪೂರ್ತಿ ಓಡಿಸಲು ಹೇಳಿ. ಉಪ್ಪಿನ ತೊಟ್ಟಿಯ ನೀರು ಇಳಿಯಬೇಕು, ಡ್ರೈನಿನಲ್ಲಿ ಮೊದಲು ಮಬ್ಬು ನೀರು, ನಡುವೆ ಕಡು ಉಪ್ಪು, ಕೊನೆಗೆ ಸಪ್ಪೆ ನೀರು ಬರಬೇಕು. ಮುಗಿದ ಮೇಲೆ ಪರೀಕ್ಷೆಯ ನಲ್ಲಿಯಲ್ಲಿ ಇನ್ನೂ ಉಪ್ಪು ರುಚಿಯಿದ್ದರೆ ಕೊನೆಯ ತೊಳೆತದ ಸಮಯವನ್ನು ಐದು ನಿಮಿಷ ಹೆಚ್ಚಿಸಿ ಇನ್ನೊಮ್ಮೆ ನೋಡಲಿ.