ಮಹಡಿಯಲ್ಲ, ನಿಮಿಷ: ಕಚೇರಿ ಸ್ವಚ್ಛತೆಯ ವಲಯ ಪದ್ಧತಿ

ದೊಡ್ಡ ಕಚೇರಿ ಕಟ್ಟಡಗಳಲ್ಲಿ ನೌಕರರು ಹೊರಟ ಮೇಲೆ ನಡೆಯುವ ಸ್ವಚ್ಛತಾ ಕೆಲಸವನ್ನು ಹಂಚುವುದಕ್ಕೆ ಎರಡು ಕ್ರಮಗಳು ಬಳಕೆಯಲ್ಲಿವೆ. ಕಟ್ಟಡವನ್ನು ಭಾಗಗಳಾಗಿ ಸೀಳಿ, ಒಂದು ಭಾಗದ ಎಲ್ಲ ಕೆಲಸವನ್ನೂ ಒಬ್ಬರಿಗೇ ವಹಿಸುವುದು ವಲಯ ಪದ್ಧತಿ. ಒಬ್ಬರಿಗೆ ಶೌಚಾಲಯ, ಮತ್ತೊಬ್ಬರಿಗೆ ನೆಲ ಎಂದು ಕೆಲಸದ ಬಗೆಯನ್ನೇ ಹಂಚುವುದು ತಂಡ ಪದ್ಧತಿ. ಕೊಳೆ ಉಳಿದರೆ ಯಾರ ಭಾಗವೆಂದು ಕೂಡಲೇ ತಿಳಿಯುವುದರಿಂದ ಹೌಸ್‌ಕೀಪಿಂಗ್ ಸೂಪರ್‌ವೈಸರ್‌ಗಳು ಮೊದಲನೆಯದನ್ನು ಮೆಚ್ಚುತ್ತಾರೆ. ಈ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ವಲಯದ ಗಡಿಯನ್ನು ಮಹಡಿಯ ಲೆಕ್ಕದಲ್ಲಿ ಎಳೆಯುವ ರೂಢಿ ಪದ್ಧತಿಯ ಗುಣವನ್ನೇ ಕೆಡಿಸುತ್ತದೆ.

ಹತ್ತು ಮಹಡಿಗಳ, ಪ್ರತಿ ಮಹಡಿಯಲ್ಲೂ ಪೂರ್ವ ಮತ್ತು ಪಶ್ಚಿಮ ಎಂಬ ಎರಡು ಸಮಾನ ಪಾರ್ಶ್ವಗಳಿರುವ ಒಂದು ಕಟ್ಟಡವನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಬಹುದು. ಒಂದು ಪಾರ್ಶ್ವದ ಶೌಚಾಲಯಗಳಲ್ಲಿ ಕಮೋಡ್, ಯೂರಿನಲ್, ವಾಶ್‌ಬೇಸಿನ್ ಸೇರಿ 12 ಘಟಕಗಳಿದ್ದು, ಘಟಕಕ್ಕೆ 3 ನಿಮಿಷದಂತೆ 36 ನಿಮಿಷ ಬೇಕು. ಮೇಜುಗಳಿರುವ 5,000 ಚದರ ಅಡಿಯಲ್ಲಿ ಕಸದ ಬುಟ್ಟಿ ಖಾಲಿಮಾಡಿ, ಮೇಜು ಒರೆಸಿ, ವ್ಯಾಕ್ಯೂಮ್ ಹಾಕಲು 60, ಸಭಾಕೊಠಡಿಗಳಿಗೆ 15, ಪ್ಯಾಂಟ್ರಿಗೆ 10, ಓಡಾಟದ ಜಾಗಕ್ಕೆ 9 ನಿಮಿಷ ಹಿಡಿದರೆ ಒಟ್ಟು 130 ನಿಮಿಷವಾಗುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ಊಟಕ್ಕೆ 30 ನಿಮಿಷ, ಟ್ರಾಲಿ ಸಜ್ಜುಮಾಡುವುದು, ಲಿಫ್ಟ್ ಕಾಯುವುದು, ಕೊನೆಗೆ ಮಾಪ್ ತೊಳೆದಿಡುವುದು ಇವುಗಳಿಗೆ 60 ನಿಮಿಷ ಕಳೆದರೆ ಉಳಿಯುವುದು 390. ಮಹಡಿಯೇ ವಲಯವಾದರೆ, 260 ನಿಮಿಷದ ಒಂದು ಮಹಡಿಯನ್ನು ಪಡೆದವರಿಗೆ 130 ನಿಮಿಷ ಮಿಗುತ್ತದೆ, ಎರಡನ್ನು ಪಡೆದವರಿಗೆ 130 ನಿಮಿಷ ಸಾಲದು. ಪಾರ್ಶ್ವವೇ ವಲಯವಾದರೆ ಒಬ್ಬರಿಗೆ ಮೂರು ಸರಿಯಾಗಿ ಹೊಂದುತ್ತವೆ. ಏಳು ಜನರಿಂದ ಇಪ್ಪತ್ತೂ ಪಾರ್ಶ್ವಗಳು ಮುಗಿದು, ಒಂದು ಪಾರ್ಶ್ವದಷ್ಟು ಸಮಯ ಗಾಜು, ಎ.ಸಿ. ಜಾಲರಿಗಳಂಥ ಸರದಿಯ ಕೆಲಸಕ್ಕೆ ಉಳಿಯುತ್ತದೆ.

ಈ ನಿಮಿಷಗಳನ್ನು ಎಲ್ಲಿಂದ ತರುವುದೆಂಬುದು ಮುಂದಿನ ಪ್ರಶ್ನೆ. ಸ್ವಚ್ಛತಾ ಉದ್ಯಮದ ಅಂತರರಾಷ್ಟ್ರೀಯ ಸಂಘವಾದ ಐಎಸ್‌ಎಸ್‌ಎ 612 ಕೆಲಸಗಳಿಗೆ ಸಮಯ ಸೂಚಿಸುವ ಕೈಪಿಡಿಯನ್ನು ಪ್ರಕಟಿಸಿದೆ. ಅಲ್ಲಿನ ಅಂಕಿಗಳು ಇಂತಿಷ್ಟು ಅಗಲದ ಮಾಪ್, ಇಂಥ ಯಂತ್ರ ಎಂಬ ಷರತ್ತಿಗೆ ಒಳಪಟ್ಟವು; ಉಪಕರಣ ಬದಲಾದರೆ ಅಂಕಿಯೂ ಬದಲಾಗಬೇಕು. ಆದ್ದರಿಂದ ಕೈಪಿಡಿಯಿಂದ ಆರಂಭಿಸಿದರೂ, ಅದೇ ಕಟ್ಟಡದಲ್ಲಿ ಸಾಧಾರಣ ವೇಗದ ಕೆಲಸಗಾರರನ್ನು ಹಲವು ರಾತ್ರಿ ಅಳೆದು ತಿದ್ದಿಕೊಳ್ಳದ ವೇಳಾಪಟ್ಟಿಯನ್ನು ನಂಬಲಾಗದು.

ನಿಮಿಷದ ಲೆಕ್ಕ ಅತಿ ಹೆಚ್ಚು ಮೋಸಮಾಡುವುದು ಶೌಚಾಲಯದಲ್ಲಿ. ಸೋಂಕುನಿವಾರಕ ದ್ರಾವಣವು ರೋಗಾಣುವನ್ನು ಕೊಲ್ಲಬೇಕಾದರೆ ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು. ಹಲವು ದ್ರಾವಣಗಳಿಗೆ ಇದು 10 ನಿಮಿಷದವರೆಗೂ ಇರುತ್ತದೆ. ಘಟಕಕ್ಕೆ 3 ನಿಮಿಷವೆಂಬ ಅಂಕಿಯನ್ನು ಅಕ್ಷರಶಃ ಪಾಲಿಸಿ, ಒಂದು ಕಮೋಡಿಗೆ ದ್ರಾವಣ ಹಾಕಿದ ಕೂಡಲೇ ಒರೆಸಿ ಮುಂದಿನದಕ್ಕೆ ಹೋದರೆ ಹೊಳಪು ಬರುತ್ತದೆ, ಸೋಂಕು ಉಳಿಯುತ್ತದೆ. ಮೊದಲು ಎಲ್ಲ ಘಟಕಗಳನ್ನೂ ತೊಳೆದು ದ್ರಾವಣ ಹಾಕಿ, ಆಮೇಲೆ ಕನ್ನಡಿ, ಕಸದ ಬುಟ್ಟಿ, ಟಿಶ್ಯೂ ಪೇಪರಿನ ಕೆಲಸ ಮುಗಿಸಿ, ಬಳಿಕ ಮರಳಿ ಒರೆಸಿದರೆ ಅದೇ 36 ನಿಮಿಷದಲ್ಲಿ ಕಾಯುವ ಅವಧಿಯೂ ಅಡಗುತ್ತದೆ. ಹೀಗಿದ್ದೂ ಬಾಗಿಲ ಹಿಂದೆ ತೂಗುವ ತಪಾಸಣಾ ಪಟ್ಟಿಗಳಲ್ಲಿ ಸಹಿಗೆ ಜಾಗವಿರುತ್ತದೆ, ಕ್ರಮಕ್ಕೆ ಇರುವುದಿಲ್ಲ. ಒಂದೇ ಕೈಬರಹ, ಒಂದೇ ಪೆನ್ನಿನ ಸಾಲು ಸಹಿಗಳು ಕಂಡರೆ ಅವನ್ನು ಒಮ್ಮೆಲೇ ತುಂಬಿರಬಹುದೆಂದು ಶಂಕಿಸಬೇಕು; ಕಮೋಡಿನ ಹಿಂಬದಿಯನ್ನೂ ಗೋಡೆಯಂಚಿನ ಧೂಳನ್ನೂ ನೋಡಿದರೆ ನಿಜ ತಿಳಿಯುತ್ತದೆ.

ಕಚೇರಿಯ ವೇಳೆ ಮುಗಿದೊಡನೆ ಕಟ್ಟಡ ಬರಿದಾಗುತ್ತದೆಂಬ ಊಹೆಯೂ ಪರೀಕ್ಷೆಗೆ ನಿಲ್ಲದು. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ಅಮೆರಿಕದ ಗ್ರಾಹಕರೊಂದಿಗೆ ವ್ಯವಹರಿಸುವ ತಂಡಗಳು ರಾತ್ರಿ ತಡವಾಗಿ ಹೊರಡುವುದರಿಂದ, ವಲಯಗಳ ಸರದಿ ಮಹಡಿಯ ಸಂಖ್ಯೆಯಂತೆ ಹೋಗದೆ ಅವು ಖಾಲಿಯಾಗುವ ಹೊತ್ತಿನಂತೆ ಹೋಗಬೇಕು. ಸಂಜೆ 7ಕ್ಕೆ ಆರಂಭವಾದ ಪಾಳಿ ನಸುಕಿನ 3ಕ್ಕೆ ಮುಗಿದಾಗ ಮನೆಗೆ ಹೋಗಲು ಬಸ್ಸಿರುವುದಿಲ್ಲ. ಈ ಕೆಲಸದಲ್ಲಿ ಮಹಿಳೆಯರು ಬಹಳ ಮಂದಿ ಇದ್ದಾರೆ. ಅವರ ಸಮ್ಮತಿಯನ್ನೂ ವಾಹನವನ್ನೂ ಲೆಕ್ಕಕ್ಕೆ ಹಿಡಿಯದೆ ನಿಮಿಷಗಳನ್ನಷ್ಟೇ ಕೂಡಿಸುವ ಯೋಜನೆ ಅನ್ಯಾಯದ್ದು. ಸಂಜೆ ಮತ್ತು ಮುಂಜಾನೆಯ ಎರಡು ಕಿರುಪಾಳಿಗಳಾಗಿ ಒಡೆದರೆ ಈ ತೊಡಕು ತಗ್ಗುತ್ತದೆ, ಆದರೆ ಸಜ್ಜುಗೊಳಿಸುವ ಸಮಯ ಎರಡು ಸಲ ತೆರಬೇಕಾಗಿ ಇನ್ನೊಬ್ಬರು ಬೇಕಾಗಬಹುದು. ಆ ವೆಚ್ಚವನ್ನು ಕಟ್ಟಡದವರೇ ಹೊರಬೇಕು.

ಒಬ್ಬರು ಗೈರಾದ ರಾತ್ರಿಯೇ ವೇಳಾಪಟ್ಟಿಯ ನಿಜವಾದ ಪರೀಕ್ಷೆ. ಮೇಲಿನ ಕಟ್ಟಡದಲ್ಲಿ ಆರು ಜನರಿಗೆ ಸಿಗುವುದು 2,340 ನಿಮಿಷ, ಕೆಲಸವಿರುವುದು 2,600. ಸರದಿಯ ಕೆಲಸ ನಿಂತ ಮೇಲೂ 260 ನಿಮಿಷ ಸಾಲದು. ಯಾವುದನ್ನು ಬಿಡಬೇಕೆಂದು ಬರೆದಿಡದಿದ್ದರೆ ಉಳಿದವರು ಎಲ್ಲವನ್ನೂ ಅವಸರದಲ್ಲಿ ಅರೆಬರೆ ಮಾಡುತ್ತಾರೆ, ಮೊದಲು ಕೆಡುವುದು ಶೌಚಾಲಯ. ಐದು ಪಾರ್ಶ್ವಗಳ ಮೇಜಿನ ಭಾಗವನ್ನು ಆ ರಾತ್ರಿ ಕೈಬಿಟ್ಟರೆ 300 ನಿಮಿಷ ಉಳಿದು ಮಿಕ್ಕದ್ದೆಲ್ಲ ಸರಿಯಾಗಿ ನಡೆಯುತ್ತದೆ. ಮರುರಾತ್ರಿಯೂ ಕೊರತೆಯಿದ್ದರೆ ಬೇರೆ ಐದನ್ನು ಬಿಡಬೇಕು. ವಲಯ ಪದ್ಧತಿಯನ್ನು ತೊರೆಯಬೇಕಾಗಿಲ್ಲ. ಆದರೆ ಬಿಡಬಹುದಾದ ಕೆಲಸಗಳ ಈ ಪಟ್ಟಿಯಿಲ್ಲದ ವೇಳಾಪಟ್ಟಿಯನ್ನು ಯಾವ ಕಟ್ಟಡದ ಆಡಳಿತವೂ ಗುತ್ತಿಗೆದಾರರಿಂದ ಒಪ್ಪಿಕೊಳ್ಳಬಾರದು.